ಸ್ಟರ್ನ್ ವರದಿಯೂ ವಟ್ಟದ ದರವೂ

ಬ್ರಿಟಿಷ್ ಸರ್ಕಾರದ ಅಪೇಕ್ಷೆಯಂತೆ ನಿಕೊಲಸ್ ಸ್ಟರ್ನ್ ಅವರು ಸಿದ್ಧಪಡಿಸಿ 2006ರ ಅಕ್ಟೋಬರ್ ತಿಂಗಳಲ್ಲಿ ಪ್ರಕಟಿಸಿದ ಹವಾಮಾನ ವೈಪರೀತ್ಯದ ಅರ್ಥಶಾಸ್ತ್ರವೆಂಬ ವರದಿಯು ವಿದ್ವಾಂಸರಲ್ಲಿ ದೊಡ್ಡ ವಾದಕ್ಕೆ ಕಾರಣವಾಯಿತು. ಭೂಮಿಯ ತಾಪವನ್ನು ತಡೆಯದೆ ಬಿಟ್ಟರೆ ಆಗುವ ನಷ್ಟವು ಲೋಕದ ಉತ್ಪನ್ನದಲ್ಲಿ ವರ್ಷಕ್ಕೆ ಕಡಮೆಯೆಂದರೂ ನೂರಕ್ಕೆ 5 ಪಾಲನ್ನು ಎಂದೆಂದಿಗೂ ಕಳೆದುಕೊಂಡಂತೆ. ತಡೆಯುವುದಕ್ಕಾದರೋ ವರ್ಷಕ್ಕೆ ಸುಮಾರು 1 ಪಾಲು ಸಾಕು: ಇದು ವರದಿಯ ಸಾರ. ವಾದವೆದ್ದುದು ಹವಾಮಾನ ಶಾಸ್ತ್ರದ ವಿಷಯದಲ್ಲಿ ಅಷ್ಟಾಗಿ ಅಲ್ಲ. ಲೆಕ್ಕದೊಳಗೆ ಅಡಗಿರುವ ಒಂದು ಸಣ್ಣ ಅಂಕಿಯ ವಿಷಯದಲ್ಲಿ. ಆ ಅಂಕಿಯೇ ವಟ್ಟದ ದರ.

ಇಂದಿನ ರೂಪಾಯಿಯೂ ನೂರು ವರ್ಷಗಳ ಅನಂತರದ ರೂಪಾಯಿಯೂ ಸಮಾನವಲ್ಲ. ಇಂದಿನದನ್ನು ಬಡ್ಡಿಗೆ ಹಾಕಿದರೆ ಬೆಳೆಯುತ್ತದೆ. ಆದುದರಿಂದ ಮುಂದೆ ಬರುವ ಹಣವನ್ನು ಇಂದಿನ ಬೆಲೆಗೆ ಇಳಿಸಬೇಕಾದರೆ ಚಕ್ರಬಡ್ಡಿಯನ್ನು ಹಿಂದುಮುಂದಾಗಿ ಎಣಿಸಿ ಮುರಿದುಕೊಳ್ಳಬೇಕು. ಹಾಗೆ ಮುರಿದುಕೊಳ್ಳುವುದನ್ನು ಇಲ್ಲಿ ವಟ್ಟವೆಂದು ಕರೆದಿದೆ. ಒಂದು ಯೋಜನೆಯ ಎಲ್ಲ ಫಲಗಳನ್ನೂ ಹೀಗೆ ಇಂದಿನ ಬೆಲೆಗೆ ಇಳಿಸಿ, ಅದೇ ರೀತಿ ಇಳಿಸಿದ ವೆಚ್ಚವನ್ನು ಕಳೆದರೆ ಉಳಿಯುವುದೇ ನಿವ್ವಳ ವರ್ತಮಾನ ಮೌಲ್ಯ. ಅದು ಧನವಾದರೆ ಯೋಜನೆ ಗ್ರಾಹ್ಯ, ಋಣವಾದರೆ ತ್ಯಾಜ್ಯ. ಮುಂದೆ ಹೇಳುವ ದರಗಳೆಲ್ಲ ಬೆಲೆಯೇರಿಕೆಯನ್ನು ಕಳೆದ ದರಗಳೆಂದು ತಿಳಿಯತಕ್ಕದ್ದು.

ಒಂದು ಕಲ್ಪಿತ ಯೋಜನೆಯನ್ನು ತೆಗೆದುಕೊಳ್ಳಬಹುದು. ಇಂದು 10 ಲಕ್ಷ ರೂಪಾಯಿ ವೆಚ್ಚಮಾಡಿದರೆ ನೂರು ವರ್ಷಗಳ ಅನಂತರ 1 ಕೋಟಿ ರೂಪಾಯಿಯ ನಷ್ಟ ತಪ್ಪುತ್ತದೆ. ಸ್ಟರ್ನ್ ಅವರ ಮುಖ್ಯ ದರ ಸುಮಾರು 1.4. ಆ ದರದಲ್ಲಿ ದೂರದ ಒಂದು ಕೋಟಿಯ ಇಂದಿನ ಬೆಲೆ 24.9 ಲಕ್ಷ; ವೆಚ್ಚ ಕಳೆದು 14.9 ಲಕ್ಷ ಉಳಿಯುವುದರಿಂದ ಯೋಜನೆ ಗ್ರಾಹ್ಯ. ಅಮೆರಿಕದ ವಿಲಿಯಂ ನಾರ್ಡ್‌ಹಾಸ್ ಅವರು 2007ರಲ್ಲಿ ವರದಿಯನ್ನು ವಿಮರ್ಶಿಸುತ್ತ, ಬಂಡವಾಳಕ್ಕೆ ಪೇಟೆಯಲ್ಲಿ ದೊರೆಯುವ ಪ್ರತಿಫಲವನ್ನು ನೋಡಿ ಸುಮಾರು 5.5ರ ದರವನ್ನು ಹಿಡಿದರು. ಆ ದರದಲ್ಲಿ ಅದೇ ಕೋಟಿಯ ಬೆಲೆ ಸುಮಾರು 47 ಸಾವಿರ ಮಾತ್ರ. ಒಂಬತ್ತೂವರೆ ಲಕ್ಷ ನಷ್ಟ. ಫಲ ಬದಲಾಗಿಲ್ಲ, ವೆಚ್ಚ ಬದಲಾಗಿಲ್ಲ. ತೀರ್ಪು ಮಾತ್ರ ತಿರುಗಿಬಿದ್ದಿದೆ.

ಈ ತೀರ್ಪು ತಿರುಗುವ ಸ್ಥಳವನ್ನು ನಿಖರವಾಗಿ ಗುರುತಿಸಬಹುದು. ನೂರು ವರ್ಷಗಳಲ್ಲಿ ಹಣವು ಹತ್ತುಮಡಿಯಾಗುವ ದರ 2.33, ಅಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ದರ 2 ಆದರೆ 3.8 ಲಕ್ಷ ಲಾಭ, 3 ಆದರೆ 4.8 ಲಕ್ಷ ನಷ್ಟ. ಹತ್ತು ವರ್ಷಗಳ ಯೋಜನೆಯಲ್ಲಿ ನೂರಕ್ಕೆ ಒಂದರ ಅಂತರವು ಫಲದ ಬೆಲೆಯನ್ನು ಹತ್ತನೆಯ ಒಂದು ಪಾಲಿನಷ್ಟು ಮಾತ್ರ ಬದಲಿಸೀತು. ನೂರು ವರ್ಷಗಳಲ್ಲಿ ಅದೇ ಅಂತರವು ಬೆಲೆಯನ್ನು ಅರ್ಧಕ್ಕಿಂತ ಕೆಳಗೆ ತಳ್ಳುತ್ತದೆ. ದರವು ಘಾತದಲ್ಲಿ ಬೆಳೆಯುವುದೇ ಇದಕ್ಕೆ ಕಾರಣ.

ಹಾಗಾದರೆ 1.4 ಎಂಬುದು ಎಲ್ಲಿಂದ ಬಂತು? ಇದರ ಮೂಲ ಫ್ರಾಂಕ್ ರಾಮ್ಸೆ 1928ರಲ್ಲಿ ಬರೆದ ಉಳಿತಾಯದ ಗಣಿತ ಸಿದ್ಧಾಂತ. ಅದರಿಂದ ಬಂದ ಸೂತ್ರವಿದು:

r = δ + ηg

ಇಲ್ಲಿ r ಎಂಬುದು ವಟ್ಟದ ದರ. δ ಎಂಬುದು ದೂರದವರ ಸುಖವನ್ನು ಅವರು ದೂರದಲ್ಲಿದ್ದಾರೆಂಬ ಒಂದೇ ಕಾರಣದಿಂದ ಕಡಮೆಯೆಂದೆಣಿಸುವ ಪ್ರಮಾಣ. g ಎಂಬುದು ತಲಾ ಅನುಭೋಗವು ವರ್ಷವರ್ಷಕ್ಕೆ ಬೆಳೆಯುವ ವೇಗ. η ಎಂಬುದು ಮನುಷ್ಯನು ಸಿರಿವಂತನಾದಂತೆ ಒಂದು ರೂಪಾಯಿಯ ಬೆಲೆ ಅವನಿಗೆ ಎಷ್ಟು ಬೇಗ ತಗ್ಗುತ್ತದೆಂಬುದರ ಅಳತೆ. ಸ್ಟರ್ನ್ ಅವರು δವನ್ನು 0.1, ηವನ್ನು 1, gಯನ್ನು 1.3 ಎಂದು ಹಿಡಿದರು, ಕೂಡಿಸಿದರೆ 1.4.

ಕಾಲದೂರವೊಂದನ್ನೇ ಕಾರಣಮಾಡಿ ಮುಂದಿನವರ ಸುಖವನ್ನು ಕಡೆಗಣಿಸುವುದು ನೀತಿಗೆ ಒಪ್ಪದ ಮಾತೆಂದು ರಾಮ್ಸೆಯೇ ಭಾವಿಸಿದ್ದನು. ಸ್ಟರ್ನ್ ಅವರು ಅದೇ ಹಾದಿ ಹಿಡಿದು, ಮಾನವಕುಲವೇ ನಾಶವಾಗಬಹುದಾದ ಅಲ್ಪ ಸಂಭವಕ್ಕಾಗಿ ಮಾತ್ರ 0.1ನ್ನು ಇಟ್ಟುಕೊಂಡರು. ಈ ಭಾಗವು ವರದಿಯಲ್ಲಿ ಸಾವಧಾನವಾಗಿ ಪ್ರತಿಪಾದಿತವಾಗಿದೆ. ಇದನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ.

ದೌರ್ಬಲ್ಯವಿರುವುದು ηದಲ್ಲಿ. η 1 ಎಂದರೆ ಹತ್ತುಮಡಿ ಸಿರಿವಂತನ ಕೈಯಲ್ಲಿನ ರೂಪಾಯಿಗೆ ಬಡವನ ರೂಪಾಯಿಯ ಹತ್ತನೆಯ ಒಂದರಷ್ಟು ತೂಕ. 2 ಎಂದರೆ ನೂರನೆಯ ಒಂದರಷ್ಟು. ಮುಂದಿನ ಪೀಳಿಗೆಗಳು ಇಂದಿನವರಿಗಿಂತ ಸಿರಿವಂತವಾಗುವುವೆಂದು ವರದಿಯ ಗಣಿತವೇ ಒಪ್ಪುತ್ತದೆ. ಹಾಗಿದ್ದ ಮೇಲೆ, ಉಳ್ಳವರಿಗೂ ಇಲ್ಲದವರಿಗೂ ನಡುವಣ ಸಮತೆಯನ್ನು ಬಯಸುವವನು ηವನ್ನು ಹೆಚ್ಚಿಸಲೇಬೇಕಾಗುತ್ತದೆ. δವನ್ನು ಮುಟ್ಟದೆ ηವನ್ನು ಮಾತ್ರ 2 ಮಾಡಿದರೆ ದರ 2.7 ಆಗುತ್ತದೆ. ಮೇಲಿನ ಯೋಜನೆಯ ಸಂಧಿದರವಾದ 2.33ನ್ನು ಅದು ದಾಟಿತು. ಸುಮಾರು 3 ಲಕ್ಷ ನಷ್ಟ ಬಂದು ಯೋಜನೆ ಬಿದ್ದುಹೋಯಿತು. ಪೀಳಿಗೆ ಪೀಳಿಗೆಗಳ ಸಮತೆಯ ತತ್ತ್ವವನ್ನು ಪೂರ್ಣವಾಗಿ ಒಪ್ಪಿಯೂ ವಿರುದ್ಧವಾದ ತೀರ್ಪಿಗೆ ಬರಬಹುದೆಂಬುದನ್ನು ಇದು ತೋರಿಸುತ್ತದೆ.

ಪಾರ್ಥ ದಾಸ್‌ಗುಪ್ತ ಅವರ ಆಕ್ಷೇಪಣೆಯೂ ಇಲ್ಲಿಯೇ ನಾಟುತ್ತದೆ. ಬಂಡವಾಳಕ್ಕೆ ವರ್ಷಕ್ಕೆ ನೂರಕ್ಕೆ 4ರ ಪ್ರತಿಫಲವಿರುವ ಒಂದು ಸರಳ ಸಮಾಜವು ಸ್ಟರ್ನ್ ಅವರ δ, ηಗಳನ್ನು ಅನುಸರಿಸಿದರೆ ತನ್ನ ಉತ್ಪನ್ನದಲ್ಲಿ ನೂರಕ್ಕೆ 97.5 ಪಾಲನ್ನು ಉಳಿಸಿ, ಉಳಿದ ಎರಡೂವರೆ ಪಾಲಿನಲ್ಲಿ ಜೀವಿಸಬೇಕಾಗುತ್ತದೆ. ಅಂಥ ತ್ಯಾಗವನ್ನು ಇಂದಿನ ಬಡವರಿಂದ ಬೇಡುವ ನೀತಿಯನ್ನು ಸಮತೆಯ ನೀತಿಯೆಂದು ಕರೆಯುವುದು ಕಷ್ಟ. ವರದಿಯು ಹೊರಬಿದ್ದ ಮೇಲೆ ಸೇರಿಸಿದ ಅನುಬಂಧದಲ್ಲಿ ಬೇರೆ ಬೇರೆ ηಗಳಿಗೆ ಲೆಕ್ಕವನ್ನು ಕೊಟ್ಟಿದೆ. Η ಏರಿದಂತೆ ನಷ್ಟದ ಅಂದಾಜು ಇಳಿಯುವುದು ಅಲ್ಲಿಯೇ ಕಾಣುತ್ತದೆ. ಅದು ಮೂಲಗ್ರಂಥದ ನಡುವೆಯೇ ಇರಬೇಕಾಗಿದ್ದ ಮಾತು.

ಇಷ್ಟರಿಂದ ನಾರ್ಡ್‌ಹಾಸ್ ಅವರ ಪಕ್ಷವೇ ಗೆದ್ದಿತೆಂದು ತಿಳಿಯಲಾಗದು. ಪೇಟೆಯ ಬಡ್ಡಿಯು ಬದುಕಿರುವವರ ವ್ಯವಹಾರದಿಂದ ಹುಟ್ಟಿದ್ದು. ಇನ್ನೂ ಹುಟ್ಟದವರಿಗೆ ಆ ಪೇಟೆಯಲ್ಲಿ ಸ್ಥಳವಿಲ್ಲ. ಅಲ್ಲದೆ ಶತಮಾನದಾಚೆಯ ಬಡ್ಡಿಯನ್ನು ಬಲ್ಲವರಾರು? ಮಾರ್ಟಿನ್ ವೈಟ್ಸ್‌ಮನ್ ಅವರು 1998ರಲ್ಲಿ ಎತ್ತಿದ ವಿಚಾರ ಇಲ್ಲಿ ಸಹಾಯಕ್ಕೆ ಬರುತ್ತದೆ. 1.4, 5.5 ಎರಡೂ ಸಮಾನವಾಗಿ ಸಂಭವಿಸಬಹುದೆಂದಿದ್ದರೆ, ಸರಾಸರಿ ಮಾಡತಕ್ಕದ್ದು ದರಗಳನ್ನಲ್ಲ, ಆ ದರಗಳಲ್ಲಿ ಬರುವ ಇಂದಿನ ಬೆಲೆಗಳನ್ನು. ದರಗಳ ಸರಾಸರಿ 3.45, ಅದರಲ್ಲಿ ಯೋಜನೆ ಬೀಳುತ್ತದೆ. ಬೆಲೆಗಳ ಸರಾಸರಿಯಾದರೋ 12.7 ಲಕ್ಷ, ಯೋಜನೆ ನಿಲ್ಲುತ್ತದೆ. ಆ ಬೆಲೆಗೆ ತಕ್ಕ ಏಕದರ ಸುಮಾರು 2.1 ಮಾತ್ರ. ಕಾಲ ದೂರವಾದಷ್ಟೂ ಕಿರಿಯ ದರವೇ ಮೇಲುಗೈಯಾಗುತ್ತದೆ. ಬ್ರಿಟಿಷ್ ಖಜಾನೆಯು 2003ರ ತನ್ನ ಕೈಪಿಡಿಯಲ್ಲಿ ಮೊದಲ 30 ವರ್ಷಗಳಿಗೆ 3.5ನ್ನೂ ಆಮೇಲೆ ಕ್ರಮವಾಗಿ ಇಳಿಯುವ ದರಗಳನ್ನೂ ವಿಧಿಸಿದುದಕ್ಕೆ ಇಂಥ ವಿಚಾರವೇ ಆಧಾರ.

ಆದುದರಿಂದ ಇಂಥ ಗ್ರಂಥಗಳನ್ನು ಪರೀಕ್ಷಿಸುವವರು ಮೊದಲು ಕೇಳಬೇಕಾದುದು ಯಾವ ದರ ಸರಿಯೆಂಬುದನ್ನಲ್ಲ. ತೀರ್ಪು ಯಾವ ದರದಲ್ಲಿ ತಿರುಗುತ್ತದೆಂಬುದನ್ನು. ವಿವಾದದಲ್ಲಿರುವ ದರಗಳೆಲ್ಲ ಸಂಧಿದರದ ಒಂದೇ ಪಕ್ಕದಲ್ಲಿದ್ದರೆ ಜಗಳ ವ್ಯರ್ಥ. ಎರಡು ಪಕ್ಕಗಳಲ್ಲಿಯೂ ಇದ್ದರೆ ಅದು ಗಣಿತದ ವಾದವಾಗಿ ಉಳಿಯದೆ ನೀತಿಯ ವಾದವಾಗುತ್ತದೆ. ಅದನ್ನು ನೀತಿಯ ವಾದವೆಂದೇ ನಡಸಬೇಕು. ತಾನು ಹಿಡಿದ ನೀತಿಯನ್ನು ಮುಚ್ಚಿಡದೆ ಹೇಳಿದ್ದು ಸ್ಟರ್ನ್ ವರದಿಯ ಗುಣ; ಅದರ ಅರ್ಧವನ್ನು ಮಾತ್ರ ವಿಚಾರಿಸಿ, ಉಳಿದರ್ಧವನ್ನು 1 ಎಂಬ ಅಂಕಿಗೆ ಒಪ್ಪಿಸಿದ್ದು ಅದರ ದೋಷ.