ಪರದೆಯ ಮೇಲೆ ಮುರಿಯುವ ಭುಜಂಗ

ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಕ್ಷೇತ್ರಕ್ಕೆ ನಡೆದುಕೊಳ್ಳುವ ಎಷ್ಟೋ ಮನೆಗಳಲ್ಲಿ ಸುಬ್ರಹ್ಮಣ್ಯ ಭುಜಂಗ ಸ್ತೋತ್ರವನ್ನು ಈಗ ಫೋನು ನೋಡಿಕೊಂಡೇ ಹೇಳುತ್ತಾರೆ. ಹಾಡಿನ ಜೊತೆಗೆ ಕನ್ನಡದಲ್ಲಿ ಶ್ಲೋಕ ಮೂಡುವ ಈ ವಿಡಿಯೊಗಳಲ್ಲಿ ಹಲವನ್ನು ಕೇಳಬಹುದು, ಓದುವುದು ಕಷ್ಟ.

ಹೆಸರಿನಲ್ಲೇ ಇರುವಂತೆ ಸ್ತೋತ್ರದ ಛಂದಸ್ಸು ಭುಜಂಗಪ್ರಯಾತ. ಪಾದಕ್ಕೆ ನಾಲ್ಕು ಯಗಣ, ಅಂದರೆ ಲಘು-ಗುರು-ಗುರು ಎಂಬ ಓಟ ನಾಲ್ಕು ಸಲ, ಒಟ್ಟು 12 ಅಕ್ಷರ. ಮೂಲವನ್ನು ಮುಟ್ಟದೆ, ಅದೇ ಅಳತೆಯಲ್ಲಿ ನಾನೇ ಒಂದು ಸಾಲು ಕಟ್ಟುತ್ತೇನೆ: ‘ನಮೋ ಘಾಟಿವಾಸಾಯ ದೇವಾಯ ತಸ್ಮೈ’. ರೋಮನ್ ಲಿಪಿಯಿಂದ ಅವಸರದಲ್ಲಿ ತಿರುಗಿಸಿದರೆ ಇದು ‘ನಮೊ ಗಾಟಿವಾಸಾಯ ದೆವಾಯ ತಸ್ಮೈ’ ಆಗುತ್ತದೆ. ‘ಘ’ ಹೋಗಿ ‘ಗ’ ಬಂದರೆ ಪದ ಕೆಡುತ್ತದೆ, ಲಯ ಕೆಡುವುದಿಲ್ಲ. ಆದರೆ ‘ಮೊ’, ‘ದೆ’ ಎರಡೂ ಲಘುವಾದಾಗ ಓಟವೇ ಎಡವುತ್ತದೆ. ಸಂಸ್ಕೃತದಲ್ಲಿ ಹ್ರಸ್ವ ಎ, ಒ ಇಲ್ಲವೇ ಇಲ್ಲ. ಆದ್ದರಿಂದ ಶ್ಲೋಕದಲ್ಲಿ ಅವು ಕಂಡರೆ, ಸಂಸ್ಕೃತ ಬಾರದವರೂ ತಪ್ಪನ್ನು ಹಿಡಿಯಬಹುದು.

ಕಣ್ಣಿಗೆ ಬೀಳದ ತಪ್ಪು ‘ಕೃ’ ಬದಲು ‘ಕ್ರಿ’ ಬರೆಯುವುದು. ನಮ್ಮ ಬಾಯಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. ಆದರೆ ‘ತವ ಕೃಪಾ’ ಎನ್ನುವಲ್ಲಿ ‘ವ’ ಲಘು. ‘ತವ ಕ್ರಿಪಾ’ ಎಂದರೆ ಒತ್ತಕ್ಷರದ ಹಿಂದಿನದಾದ್ದರಿಂದ ಅದೇ ‘ವ’ ಗುರು. ‘ಸುಬ್ರಹ್ಮಣ್ಯ’ವನ್ನು ‘ಸುಬ್ರಮಣ್ಯ’ ಮಾಡಿದಾಗಲೂ ಒಂದು ಗುರು ಲಘುವಾಗುತ್ತದೆ. ಅದು ದೇವರ ಹೆಸರೇ ಆದರೂ ಈ ತಪ್ಪು ಎಲ್ಲೆಲ್ಲೂ ಇದೆ, ಅಂಗಡಿ ಬೋರ್ಡುಗಳಲ್ಲಂತೂ ಕೇಳುವುದೇ ಬೇಡ.

ಇನ್ನು ಸಾಲು ಮುರಿಯುವ ವಿಚಾರ. 12 ಅಕ್ಷರವನ್ನು ಸರಿಯಾಗಿ ಅರ್ಧ ಮಾಡಿದರೆ ನನ್ನ ಸಾಲು ‘ವಾಸಾ’ದಲ್ಲಿ ನಿಂತು, ‘ಯ’ ಕೆಳಗೆ ಬಿದ್ದು ಅನಾಥವಾಗುತ್ತದೆ. ಗಾಯಕರು ಆರನೆಯ ಅಕ್ಷರದಲ್ಲಿ ತುಸು ನಿಂತರೂ ಕಣ್ಣಿಗೆ ಇಡೀ ಪದ ಬೇಕು. ‘ಘಾಟಿವಾಸಾಯ’ ಮುಗಿದ ಮೇಲೆಯೇ ಮುರಿಯಬೇಕು. ಅದಕ್ಕಿಂತ ಒಳ್ಳೆಯದು ಪಾದಕ್ಕೊಂದು ಸಾಲು, ಪರದೆಗೆ ಎರಡೇ ಪಾದ. ಅರ್ಧ ಶ್ಲೋಕವನ್ನು ಮತ್ತೆ ಹಾಡಿದರೆ ಅಕ್ಷರಗಳೂ ಅಲ್ಲಿಯೇ ನಿಲ್ಲಲಿ. ನಾಲ್ಕು ಪಾದವನ್ನೂ ಅರ್ಥವನ್ನೂ ಒಟ್ಟಿಗೆ ತುರುಕಿದರೆ ಅಕ್ಷರ ಸಣ್ಣದಾಗಿ, ವಯಸ್ಸಾದವರು ಓದುವುದನ್ನು ಬಿಟ್ಟು ಬರೀ ಕೇಳುತ್ತಾರೆ.

ಓದುಗರಿಗೆ ಸುಲಭವಾಗಲೆಂದು ಸಂಧಿ ಬಿಡಿಸುವವರೂ ಇದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ. ‘ನಮೋಽಸ್ತು’ ಮೂರು ಅಕ್ಷರ, ‘ನಮಃ ಅಸ್ತು’ ನಾಲ್ಕು; ಹಾಡುವವರು ಮೂರು ಹೇಳುವಾಗ ಓದುವವರು ನಾಲ್ಕು ಹೇಳಬೇಕಾಗುತ್ತದೆ. ಅವಗ್ರಹವನ್ನು ಉಳಿಸಿದರೆ ಸಾಕು. ಉದ್ದದ ಸಮಾಸವಾದರೆ ‘ಘಾಟಿ-ವಾಸಾಯ’ ಎಂದು ಅಡ್ಡಗೆರೆ ಹಾಕಬಹುದು, ಅದರಿಂದ ಮಾತ್ರೆ ಬದಲಾಗುವುದಿಲ್ಲ.

ಈ ವಿಡಿಯೊ ಮಾಡುವವರಲ್ಲಿ ಒಂದು ವಿನಂತಿ: ಬಿಡುಗಡೆಗೆ ಮುಂಚೆ ದನಿ ನಿಲ್ಲಿಸಿ, ಸ್ತೋತ್ರ ಬಾಯಿಪಾಠವಿಲ್ಲದ ಒಬ್ಬರಿಂದ ಪರದೆಯ ಸಾಲುಗಳನ್ನು ಗಟ್ಟಿಯಾಗಿ ಓದಿಸಿ. ಅವರು ಎಡವಿದ ಕಡೆಯೆಲ್ಲ ನಿಮ್ಮ ಅಕ್ಷರವನ್ನೇ ಮೊದಲು ಅನುಮಾನಿಸಿ.