ನಾಲ್ಕು ಮನೆಯ ಸ್ಲೈಡ್

ಅಪಾರ್ಟ್‌ಮೆಂಟ್ ಸಂಘದ ಸಭೆಯಲ್ಲಿ ಯಾವ ಕೆಲಸ ಮೊದಲು ಎಂಬ ವಾದವನ್ನು ಒಂದೇ ಪುಟದಲ್ಲಿ ಬಗೆಹರಿಸುವ ನಾಲ್ಕು ಮನೆಯ ಸ್ಲೈಡ್ ನನಗೆ ಬಹಳ ಇಷ್ಟ. ಜೆ.ಪಿ. ನಗರದ ಒಂದು ಕಟ್ಟಡವನ್ನೇ ಊಹಿಸಿಕೊಳ್ಳಿ. ವಿಷಯ ನೀರಿನದು. ಅಡ್ಡಗೆರೆಯಲ್ಲಿ ಖರ್ಚು, ಎಡದಿಂದ ಬಲಕ್ಕೆ ಹೆಚ್ಚುತ್ತದೆ. ಲಂಬಗೆರೆಯಲ್ಲಿ ಉಳಿಯುವ ನೀರು, ಕೆಳಗಿನಿಂದ ಮೇಲಕ್ಕೆ ಹೆಚ್ಚುತ್ತದೆ.

ಬೆಂಗಳೂರು ಜಲಮಂಡಳಿ 2024ರಲ್ಲಿ ಕಡ್ಡಾಯ ಮಾಡಿದ ನಲ್ಲಿಯ ಏರೇಟರ್ ಎಡ ಮೇಲಿನ ಮನೆಗೆ ಬರುತ್ತದೆ. ಆ ಮನೆಯ ಹೆಸರು ‘ಈಗಲೇ ಮಾಡಿ’. ಎಸ್‌ಟಿಪಿ ದುರಸ್ತಿ ಬಲ ಮೇಲೆ, ‘ಹಣ ಕೂಡಿಸಿ ಮಾಡಿ’. ತೋಟದ ಪೈಪಿನ ಸಣ್ಣ ಸೋರಿಕೆ ಎಡ ಕೆಳಗೆ, ‘ಬಿಡುವಾದಾಗ’. ಅಲಂಕಾರದ ಕಾರಂಜಿ ಬಲ ಕೆಳಗೆ, ‘ಬೇಡ’.

ಕಸುಬು ಇರುವುದು ಪ್ರತಿ ಕೆಲಸಕ್ಕೂ ಚುಕ್ಕಿ ಇಡುವುದರಲ್ಲಿ. ಒಂದೊಂದನ್ನೇ ಅಳೆದರೆ ಎಲ್ಲರಿಗೂ ತಮ್ಮ ಕೆಲಸವೇ ಮುಖ್ಯ, ಚುಕ್ಕಿಗಳೆಲ್ಲ ಮೇಲೆ ಗುಂಪುಗೂಡುತ್ತವೆ. ಆದ್ದರಿಂದ ಮೊದಲು ಎಲ್ಲ ಕೆಲಸಗಳನ್ನೂ ಖರ್ಚಿನ ಪ್ರಕಾರ ಸಾಲಾಗಿ ಜೋಡಿಸಿ, ನಡುವೆ ಗೆರೆ ಎಳೆಯಬೇಕು. ನೀರಿನ ಲೆಕ್ಕಕ್ಕೂ ಹಾಗೆಯೇ. ಗೆರೆಯ ಮೇಲೆಯೇ ಕೂತ ಚುಕ್ಕಿ ತೀರ್ಮಾನವಾಗದ ಕೆಲಸ. ಅದನ್ನು ಚರ್ಚಿಸಿ ಒಂದು ಮನೆಗೆ ಸೇರಿಸಬೇಕು. ಕೆಲಸದ ಹೆಸರು ಚುಕ್ಕಿಯ ಪಕ್ಕದಲ್ಲೇ ಇರಲಿ, ಸಂಖ್ಯೆ ಕೊಟ್ಟು ಮೂಲೆಯಲ್ಲಿ ವಿವರಿಸಿದರೆ ಕಣ್ಣು ಅಲೆಯುತ್ತದೆ.

ಇದಕ್ಕೊಂದು ಮಿತಿಯೂ ಇದೆ: ಯಾವುದರ ನಂತರ ಯಾವುದು ಎಂಬ ಅವಲಂಬನೆ ಇಲ್ಲಿ ಕಾಣದು. ಅದನ್ನು ಮುಂದಿನ ಸ್ಲೈಡಿನಲ್ಲಿ ಬರೆಯಿರಿ.