ಮನ್ನಾ ಕೇಳುವ ಪತ್ರ, ಲೆಕ್ಕ ಕೇಳುವ ಪತ್ರ

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯಲ್ಲಿ ತೊಗರಿ ರಾಶಿಯಾಗುವುದು ಡಿಸೆಂಬರ್, ಜನವರಿಯಲ್ಲಿ. ಮಾಲು ಮಾರಿದ ರೊಕ್ಕ ಕೈಸೇರುವುದು ತಡವಾದರೆ ಟ್ರ್ಯಾಕ್ಟರ್ ಸಾಲದ ಕಂತೂ ತಡವಾಗುತ್ತದೆ, ಸ್ಟೇಟ್‌ಮೆಂಟಿನಲ್ಲಿ ದಂಡದ ಸಾಲೊಂದು ಸೇರಿಕೊಳ್ಳುತ್ತದೆ. ಆ ಸಾಲು ತಪ್ಪಾಗಿದ್ದರೆ ಶಾಖಾ ವ್ಯವಸ್ಥಾಪಕರಿಗೆ ಪತ್ರ ಬರೆಯಬೇಕು.

ಮಳೆ ಕೈಕೊಟ್ಟಿತು, ಮನೆಯಲ್ಲಿ ಮದುವೆಯಿತ್ತು, ದಯಮಾಡಿ ದಂಡಬಡ್ಡಿ ಮನ್ನಾ ಮಾಡಬೇಕು ಎಂದು ಬರೆಯುವುದು ರೂಢಿ. ಕಷ್ಟ ನಿಜವಿರಬಹುದು, ಆದರೆ ಪತ್ರ ಸೋಲುವುದು ಇಲ್ಲಿಯೇ. ಮನ್ನಾ ಕೇಳಿದರೆ ದಂಡ ಸರಿಯಾಗಿಯೇ ಬಿದ್ದಿದೆ ಎಂದು ಒಪ್ಪಿಕೊಂಡಂತೆ.

ಒಂದು ಲೆಕ್ಕ ನೋಡೋಣ. 60,000 ರೂಪಾಯಿ ಕಂತಿನ ವಾಯಿದೆ 2025ರ ಫೆಬ್ರವರಿ 10, ಕಟ್ಟಿದ್ದು ಮಾರ್ಚ್ 12. ತಡ 30 ದಿನ. ಬಾಕಿಯಾದ ಕಂತಿನ ಮೇಲೆ ವರ್ಷಕ್ಕೆ ಶೇಕಡ 2ರಂತೆ ದಂಡ ಎಂದು ಮಂಜೂರಾತಿ ಪತ್ರದಲ್ಲಿದ್ದರೆ, ಬೀಳಬೇಕಾದ್ದು 98 ರೂಪಾಯಿ 63 ಪೈಸೆ. ಆದರೆ ಮಾರ್ಚ್ 31ರ ನಮೂದು 657 ರೂಪಾಯಿ 53 ಪೈಸೆ. ಕಂತಿನ ಬದಲು ಪೂರ್ತಿ ಸಾಲ 4 ಲಕ್ಷದ ಮೇಲೆ ಗುಣಿಸಿದರೆ ಬರುವ ಮೊತ್ತವೇ ಇದು.

ಒಳ್ಳೆಯ ಪತ್ರ ತಡವಾದದ್ದನ್ನು ಮುಚ್ಚಿಡುವುದಿಲ್ಲ. 98.63 ಒಪ್ಪಿಕೊಂಡು, ಹೆಚ್ಚಾದ 558 ರೂಪಾಯಿ 90 ಪೈಸೆಯನ್ನಷ್ಟೇ ಕೇಳುತ್ತದೆ. ಸಾಲದ ಖಾತೆ ಸಂಖ್ಯೆ, ನಮೂದಿನ ದಿನಾಂಕ, ಕಂತು ಕಟ್ಟಿದ ಚಲನ್, ಮಂಜೂರಾತಿ ಪತ್ರದ ಆ ಷರತ್ತು ಜೊತೆಗಿದ್ದರೆ ಒಂದು ಪುಟ ಸಾಕು.

ಹಲವರು ಬಿಟ್ಟುಬಿಡುವ ಒಂದು ಮಾತಿದೆ: ಹಣವನ್ನು ಮಾರ್ಚ್ 31ರ ದಿನಾಂಕಕ್ಕೇ ಜಮಾ ಮಾಡಬೇಕು, ಅದರ ಮೇಲೆ ಬಡ್ಡಿ ಬೆಳೆದಿದ್ದರೆ ಅದನ್ನೂ ತೆಗೆಯಬೇಕು. ಇದಕ್ಕೆ ನಿಯಮದ ಬಲವಿದೆ. ರಿಸರ್ವ್ ಬ್ಯಾಂಕಿನ 2023ರ ಆಗಸ್ಟ್ 18ರ ಸುತ್ತೋಲೆಯ ಪ್ರಕಾರ ದಂಡವನ್ನು ಬಡ್ಡಿದರಕ್ಕೆ ಸೇರಿಸುವಂತಿಲ್ಲ, ಪ್ರತ್ಯೇಕ ಶುಲ್ಕವಾಗಿಯೇ ತೋರಿಸಬೇಕು, ಆ ಶುಲ್ಕದ ಮೇಲೆ ಮತ್ತೆ ಬಡ್ಡಿ ಹಾಕುವಂತಿಲ್ಲ. ಹೊಸ ಸಾಲಗಳಿಗೆ ಇದು 2024ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಹಳೆಯ ಸಾಲಗಳನ್ನು ಜೂನ್ 30ರೊಳಗೆ ಇದೇ ಪದ್ಧತಿಗೆ ತರಬೇಕಿತ್ತು. ಹಾಗಾಗಿ ಸ್ಟೇಟ್‌ಮೆಂಟಿನಲ್ಲಿ ಈಗಲೂ ‘ದಂಡಬಡ್ಡಿ’ ಎಂದೇ ಇದ್ದರೆ, ಅದನ್ನೂ ಪತ್ರದಲ್ಲಿ ಎತ್ತಿ ಕೇಳಬೇಕು.

ಈ ಸುತ್ತೋಲೆಗೆ ಮಿತಿಯೂ ಇದೆ. ಗ್ರಾಮೀಣ ಬ್ಯಾಂಕು, ವಾಣಿಜ್ಯ ಬ್ಯಾಂಕುಗಳ ಸಾಲಕ್ಕೆ ಅದು ಅನ್ವಯಿಸುತ್ತದೆ, ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದ ಸಾಲಕ್ಕಲ್ಲ. ಮಂಜೂರಾತಿ ಪತ್ರ ಕಳೆದುಹೋಗಿದ್ದರೆ ಮೊದಲು ಅದರ ಪ್ರತಿ ಕೇಳಬೇಕು. ಷರತ್ತು ನೋಡದೆ ದಂಡ ತಪ್ಪೆಂದು ಹೇಳಲಾಗದು.

ಹೀಗಾಗಿ ಕರುಣೆಯ ಪತ್ರಕ್ಕಿಂತ ಲೆಕ್ಕದ ಪತ್ರವೇ ಮೇಲು. ಎರಡು ಪ್ರತಿ ಬರೆದು, ಒಂದರ ಮೇಲೆ ಶಾಖೆಯ ಮೊಹರು, ದಿನಾಂಕ, ಸಹಿ ಹಾಕಿಸಿಕೊಳ್ಳಬೇಕು. 30 ದಿನದೊಳಗೆ ಉತ್ತರ ಬಾರದಿದ್ದರೆ ಆ ಪ್ರತಿಯನ್ನು ಲಗತ್ತಿಸಿ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ.